ತಗೊಳ್ಳದ ಔಷಧಿಗೂ ರೆಸಿಸ್ಟೆನ್ಸ್ ಬರೋದು ಹೇಗೆ?

"ಅಪ್ಪನ ಮೂತ್ರದ ಕಲ್ಚರ್ ರಿಪೋರ್ಟ್ ಬಂತು. ಇ. ಕೋಲೈ, ಇಎಸ್‌ಬಿಎಲ್ ಪಾಸಿಟಿವ್ ಅಂತ ಇದೆ. ಜೆಂಟಾಮೈಸಿನ್ ಮುಂದೆಯೂ 'ಆರ್' ಅಂತ ಬರೆದಿದ್ದಾರೆ. ಅಪ್ಪ ಆ ಇಂಜೆಕ್ಷನ್ ಒಮ್ಮೆಯೂ ತಗೊಂಡಿಲ್ಲ. ತಗೊಳ್ಳದ ಔಷಧಿಗೆ ರೆಸಿಸ್ಟೆನ್ಸ್ ಹೇಗೆ?"

ರೆಸಿಸ್ಟೆನ್ಸ್ ಬಂದಿರೋದು ನಿಮ್ಮ ತಂದೆಯವರ ಮೈಗಲ್ಲ, ಆ ಇ. ಕೋಲೈ ಬ್ಯಾಕ್ಟೀರಿಯಾಗೆ. ಅದಕ್ಕೂ ಜೆಂಟಾಮೈಸಿನ್ ಮುಖ ನೋಡಿಯೇ ಗೊತ್ತಿಲ್ಲದಿರಬಹುದು. ಬೇರೆ ಯಾವುದೋ ಔಷಧಿಯಿಂದ ತಪ್ಪಿಸಿಕೊಳ್ಳಲು ಪಡೆದ ಗಂಟಿನೊಳಗೆ ಇದೂ ಇತ್ತು, ಅಷ್ಟೇ. ಬೆಳಗಾವಿಯಲ್ಲಿ ಎಂ.ಎಸ್ಸಿ. ಮೈಕ್ರೋಬಯಾಲಜಿ ಓದುವಾಗ ನನ್ನ ಪ್ರಾಜೆಕ್ಟ್ ಇದೇ ಆಗಿತ್ತು. ಹಾಗಾಗಿ ಪುಸ್ತಕದ ಮಾತಿಗಿಂತ ಆಗ ಪ್ಲೇಟಿನ ಮೇಲೆ ಕಂಡದ್ದನ್ನೇ ಹೇಳುತ್ತೇನೆ.

ಬ್ಯಾಕ್ಟೀರಿಯಾದ ಮುಖ್ಯ ಕ್ರೋಮೋಸೋಮ್ ಬಿಟ್ಟು, ಪ್ಲಾಸ್ಮಿಡ್ ಅನ್ನುವ ಬೇರೆ ಡಿಎನ್‌ಎ ಉಂಗುರಗಳೂ ಅದರೊಳಗೆ ಇರುತ್ತವೆ. ಇದನ್ನು ನಮ್ಮ ಕಡೆಯ ಬುತ್ತಿ ಅಂದುಕೊಳ್ಳಿ. ನೀವು ಕೇಳಿದ್ದು ಶೇಂಗಾ ಚಟ್ನಿ ಮಾತ್ರ, ಆದರೆ ಗಂಟು ಬಿಚ್ಚಿದರೆ ರೊಟ್ಟಿ, ಪುಂಡಿಪಲ್ಯ ಎಲ್ಲ ಜೊತೆಗೇ ಬಂದಿರುತ್ತದೆ. ಇಎಸ್‌ಬಿಎಲ್ ಅಂದರೆ ಸೆಫಿಕ್ಸಿಮ್, ಸೆಫೊಟ್ಯಾಕ್ಸಿಮ್‌ನಂಥ ಔಷಧಿಗಳನ್ನು ಒಡೆದುಹಾಕುವ ಕಿಣ್ವ. ಭಾರತದಲ್ಲಿ ಬಹಳ ಕಾಣುವ ಅದರ ಜೀನ್ ಸಿಟಿಎಕ್ಸ್-ಎಂ-15. ಇದು ಕೂತಿರುವ ಪ್ಲಾಸ್ಮಿಡ್‌ಗಳಲ್ಲಿ ಜೆಂಟಾಮೈಸಿನ್, ಕೋಟ್ರೈಮಾಕ್ಸಜೋಲ್ ಮುಂತಾದವನ್ನು ತಡೆಯುವ ಜೀನ್‌ಗಳೂ ಎಷ್ಟೋ ಸಲ ಒತ್ತಿಗೊತ್ತಿಗೆ ಇರುತ್ತವೆ. ಬುತ್ತಿಗೂ ಇದಕ್ಕೂ ಒಂದೇ ವ್ಯತ್ಯಾಸ. ಕೊಟ್ಟವರ ಬುತ್ತಿ ಖಾಲಿಯಾಗುತ್ತದೆ, ಬ್ಯಾಕ್ಟೀರಿಯಾ ಕೊಟ್ಟ ಮೇಲೂ ತನ್ನದನ್ನು ಉಳಿಸಿಕೊಳ್ಳುತ್ತದೆ.

ಅದು ಹೇಗೆಂದರೆ, ಕೊಡುವ ಕೋಶ ಪೈಲಸ್ ಅನ್ನುವ ಎಳೆಯನ್ನು ಚಾಚಿ ಪಕ್ಕದ ಕೋಶಕ್ಕೆ ಅಂಟಿಸಿ, ಎಳೆದು ಹತ್ತಿರ ತರುತ್ತದೆ. ಆಮೇಲೆ ಒಂದು ಕಿಣ್ವ ಪ್ಲಾಸ್ಮಿಡ್‌ನ ಎರಡು ಎಳೆಗಳಲ್ಲಿ ಒಂದನ್ನು ಮಾತ್ರ ನಿಗದಿತ ಜಾಗದಲ್ಲಿ ಕತ್ತರಿಸುತ್ತದೆ. ಆ ಒಂಟಿ ಎಳೆ ಆಚೆಗೆ ದಾಟುತ್ತದೆ, ಇನ್ನೊಂದು ಇಲ್ಲೇ ಉಳಿಯುತ್ತದೆ. ಎರಡೂ ಕಡೆ ಜೋಡಿ ಎಳೆ ಹೊಸದಾಗಿ ತಯಾರಾಗುತ್ತದೆ. ಲಕ್ಷ ಬೇಸ್ ಉದ್ದದ ಪ್ಲಾಸ್ಮಿಡ್ ದಾಟಲು ಕೆಲವೇ ನಿಮಿಷ ಸಾಕು. ಹೀಗೆ ಪಡೆದವನು ಈಗ ಕೊಡುವವನೂ ಆದ. ಇದಕ್ಕೆ ಕಾಂಜುಗೇಶನ್ ಅನ್ನುತ್ತಾರೆ. 1946ರಲ್ಲಿ ಲೆಡರ್‌ಬರ್ಗ್ ಮತ್ತು ಟೇಟಮ್ ಇದನ್ನು ಇ. ಕೋಲೈಯಲ್ಲೇ ತೋರಿಸಿದ್ದರು.

ಈಗ ನನ್ನ ಪ್ಲೇಟಿಗೆ ಬರೋಣ. ಕೊಡುವ ಕಡೆಗೆ, ರೋಗಿಯ ಮೂತ್ರದಿಂದ ಬಂದ ಒಂದು ಇ. ಕೋಲೈ: ಸೆಫೊಟ್ಯಾಕ್ಸಿಮ್, ಜೆಂಟಾಮೈಸಿನ್, ಕೋಟ್ರೈಮಾಕ್ಸಜೋಲ್, ಸಿಪ್ರೊಫ್ಲಾಕ್ಸಾಸಿನ್ ನಾಲ್ಕಕ್ಕೂ ಆರ್. ಪಡೆಯುವ ಕಡೆಗೆ, ಜೆ53 ಅನ್ನುವ ಲ್ಯಾಬಿನ ಸಾಧು ಇ. ಕೋಲೈ: ನಾಲ್ಕು ಔಷಧಿಯಲ್ಲಿ ಯಾವುದು ಕೊಟ್ಟರೂ ಸಾಯುತ್ತದೆ, ಆದರೆ ಸೋಡಿಯಂ ಅಝೈಡ್ ಅನ್ನು ಮಾತ್ರ ತಡೆದುಕೊಳ್ಳುತ್ತದೆ. ಎರಡನ್ನೂ ಬೆರೆಸಿ, ಅಲುಗಾಡಿಸದೆ (ಅಲುಗಾಡಿಸಿದರೆ ಜೋಡಿ ಬಿಟ್ಟುಹೋಗುತ್ತದೆ) 37 ಡಿಗ್ರಿಯಲ್ಲಿ ನಾಲ್ಕು ಗಂಟೆ ಇಟ್ಟೆ. ಆಮೇಲೆ ಸೆಫೊಟ್ಯಾಕ್ಸಿಮ್ ಮತ್ತು ಅಝೈಡ್ ಎರಡೂ ಇರುವ ಅಗಾರ್ ಪ್ಲೇಟಿನ ಮೇಲೆ ಹರಡಿದೆ. ಕೊಟ್ಟವನನ್ನು ಅಝೈಡ್ ಕೊಲ್ಲಬೇಕು, ಬರಿಗೈಯ ಜೆ53ಯನ್ನು ಸೆಫೊಟ್ಯಾಕ್ಸಿಮ್ ಕೊಲ್ಲಬೇಕು. ಪ್ಲಾಸ್ಮಿಡ್ ಪಡೆದ ಜೆ53 ಮಾತ್ರ ಬದುಕಬೇಕು.

ಮೊದಲ ಸಲ ಒಂದೂ ಕಾಲನಿ, ಅಂದರೆ ಒಂದೊಂದು ಕೋಶದಿಂದ ಬೆಳೆದು ಕಣ್ಣಿಗೆ ಕಾಣುವ ಚುಕ್ಕೆ, ಬರಲಿಲ್ಲ. ಜುಲೈ ತಿಂಗಳ ಬೆಳಗಾವಿ ಮಳೆ, ಸಂಜೆಯಿಂದಲೇ ಕರೆಂಟ್ ಇರಲಿಲ್ಲ, ಇನ್‌ಕ್ಯುಬೇಟರ್ ತಣ್ಣಗಾಗಿತ್ತು. ಈ ಜಾತಿಯ ಪ್ಲಾಸ್ಮಿಡ್‌ಗಳ ಪೈಲಸ್ ಚಳಿಯಲ್ಲಿ ಸರಿಯಾಗಿ ಮೂಡುವುದಿಲ್ಲ ಅನ್ನೋದು ಆಮೇಲೆ ತಿಳಿಯಿತು. ಎರಡನೇ ಸಲ, ನೂರು ಪಟ್ಟು ತೆಳು ಮಾಡಿದ ಮಿಶ್ರಣದ 0.1 ಮಿಲಿ ಹರಡಿದ್ದಕ್ಕೆ 40 ಕಾಲನಿ. ಅಂದರೆ ಮಿಲಿಗೆ 40,000. ಅದೇ ಮಿಲಿಯಲ್ಲಿ ಜೆ53 ಇದ್ದದ್ದು 20 ಕೋಟಿ. 5,000ಕ್ಕೆ ಒಂದು ಎಂದಾಯಿತು. (ಪ್ಲಾಸ್ಮಿಡ್ ಪಡೆದವೂ ಆ ನಾಲ್ಕು ಗಂಟೆಯಲ್ಲಿ ಇಬ್ಭಾಗವಾಗುತ್ತ ಹೋಗುವುದರಿಂದ ಈ ಲೆಕ್ಕ ಸ್ವಲ್ಪ ದೊಡ್ಡದೇ ಕಾಣುತ್ತದೆ.)

ಖುಷಿಯಿಂದ ಓಡಿ ಹೋಗಿ ತೋರಿಸಿದರೆ ನಮ್ಮ ಮೇಡಂ ಹೇಳಿದ್ದು: "ಕಾಲನಿ ಬಂತಂತ ಕುಣೀಬ್ಯಾಡ. ಮೊದ್ಲ ಅದು ಯಾರ ಮಗಾ ಅಂತ ನೋಡು." ಅವರ ಅನುಮಾನ ಸರಿಯೇ. ಕೊಟ್ಟವನೇ ಮ್ಯುಟೇಶನ್‌ನಿಂದ ಅಝೈಡ್ ತಡೆದುಕೊಂಡು ಬೆಳೆದಿದ್ದರೂ ಹೀಗೇ ಕಾಣುತ್ತಿತ್ತು. ಅದಕ್ಕೇ ಕಾಲನಿಗಳನ್ನು ಎತ್ತಿ, ಔಷಧಿ ಹೀರಿದ ಕಾಗದದ ಬಿಲ್ಲೆ ಇಟ್ಟು ನೋಡುವ ಡಿಸ್ಕ್ ಟೆಸ್ಟ್ ಮಾಡಿದೆ. ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಲ್ಲೇ. ಪ್ಲೇಟಿನಲ್ಲಿ ಜೆಂಟಾಮೈಸಿನ್ ಹಾಕಿಯೇ ಇರಲಿಲ್ಲ. ಆದರೂ ಕಾಲನಿಗಳು ಜೆಂಟಾಮೈಸಿನ್‌ಗೆ ಆರ್, ಕೋಟ್ರೈಮಾಕ್ಸಜೋಲ್‌ಗೂ ಆರ್. ನಾನು ಕೇಳಿದ್ದು ಚಟ್ನಿ, ಬಂದದ್ದು ಇಡೀ ಬುತ್ತಿ. ಸಿಪ್ರೊಫ್ಲಾಕ್ಸಾಸಿನ್‌ಗೆ ಮಾತ್ರ 'ಎಸ್', ಅಂದರೆ ಆ ಔಷಧಿಗೆ ಬಗ್ಗುತ್ತವೆ. ಕೊಟ್ಟವನಲ್ಲಿ ಆ ರೆಸಿಸ್ಟೆನ್ಸ್ ಕ್ರೋಮೋಸೋಮ್‌ನ ಮ್ಯುಟೇಶನ್‌ನಿಂದ ಬಂದದ್ದು, ಅದು ಗಂಟಿನಲ್ಲಿರಲಿಲ್ಲ. ಆ ಒಂದು 'ಎಸ್'ನಿಂದಲೇ ಈ ಕಾಲನಿಗಳು ನಿಜವಾದ ಜೆ53, ವೇಷ ಹಾಕಿದ ಕೊಟ್ಟವನಲ್ಲ ಅಂತ ಖಾತ್ರಿಯಾಯಿತು.

ದಾಟಿದ್ದು ಬೇರೆ ದಾರಿಯಿಂದಲೂ ಇರಬಹುದಲ್ಲ ಅಂತ ಕೇಳಬಹುದು. ಬ್ಯಾಕ್ಟೀರಿಯಾಗೆ ಇನ್ನೆರಡು ದಾರಿ ಇವೆ. ಸತ್ತ ಕೋಶದಿಂದ ಚೆಲ್ಲಿದ ಬಿಡಿ ಡಿಎನ್‌ಎಯನ್ನು ನೇರ ಒಳಗೆಳೆದುಕೊಳ್ಳುವುದು ಟ್ರಾನ್ಸ್‌ಫಾರ್ಮೇಶನ್. ಫೇಜ್ ಅನ್ನುವ ವೈರಸ್ ತನ್ನ ಡಿಎನ್‌ಎ ಬದಲು ಬ್ಯಾಕ್ಟೀರಿಯಾದ ತುಂಡನ್ನು ತಪ್ಪಿ ತಲೆಯಲ್ಲಿ ತುಂಬಿಕೊಂಡು ಹೋದರೆ ಅದು ಟ್ರಾನ್ಸ್‌ಡಕ್ಷನ್. ಇವನ್ನು ಬೇರ್ಪಡಿಸುವ ಪರೀಕ್ಷೆ ಸರಳ. ಮಿಶ್ರಣಕ್ಕೆ ಬಿಡಿ ಡಿಎನ್‌ಎಯನ್ನು ಕತ್ತರಿಸುವ ಡಿಎನ್‌ಏಸ್ ಕಿಣ್ವ ಹಾಕಿದೆ, ಕಾಲನಿ ಕಡಿಮೆಯಾಗಲಿಲ್ಲ. ಹಾಗಾಗಿ ಟ್ರಾನ್ಸ್‌ಫಾರ್ಮೇಶನ್ ಅಲ್ಲ. ಕೊಡುವವನನ್ನು ಬೆಳೆಸಿದ ದ್ರವವನ್ನು 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ ಆ ತಿಳಿಯನ್ನಷ್ಟೇ ಜೆ53ಗೆ ಹಾಕಿದೆ. ಫೇಜ್ ಆ ರಂಧ್ರದಲ್ಲಿ ನುಸುಳುತ್ತದೆ, ಬ್ಯಾಕ್ಟೀರಿಯಾ ನುಸುಳಲ್ಲ. ಒಂದೂ ಕಾಲನಿ ಬರಲಿಲ್ಲ. ಅಲ್ಲಿಗೆ ಟ್ರಾನ್ಸ್‌ಡಕ್ಷನ್ ಕೂಡ ಅಲ್ಲ, ಮೈಗೆ ಮೈ ತಾಗಿದ್ದರಿಂದಲೇ ದಾಟಿದ್ದು. ಬೇರೆ ರೋಗಾಣುಗಳಲ್ಲಿ ಕಥೆ ಬೇರೆ. ಸ್ಟ್ಯಾಫಿಲೋಕಾಕಸ್ ಆರಿಯಸ್ ಫೇಜನ್ನೇ ಹೆಚ್ಚು ನೆಚ್ಚಿಕೊಂಡಿದೆ. ನ್ಯುಮೋಕಾಕಸ್ ಗಂಟಲಿನ ನೆರೆಹೊರೆಯ ಬ್ಯಾಕ್ಟೀರಿಯಾದ ಡಿಎನ್‌ಎ ಚೂರುಗಳನ್ನು ತನ್ನ ಜೀನಿಗೆ ತೇಪೆ ಹಾಕಿಕೊಂಡು ಪೆನಿಸಿಲಿನ್ ತಪ್ಪಿಸಿಕೊಂಡಿತು.

ನಿಮ್ಮ ತಂದೆಯವರ ವಿಷಯಕ್ಕೆ ಬಂದರೆ ಎರಡು ಸಾಧ್ಯತೆ. ಮೂತ್ರದ ಸೋಂಕಿನ ಇ. ಕೋಲೈ ಸಾಮಾನ್ಯವಾಗಿ ಅವರವರ ಕರುಳಿನದೇ. ಹಿಂದೆ ಜ್ವರಕ್ಕೋ ಕೆಮ್ಮಿಗೋ ಸೆಫಿಕ್ಸಿಮ್ ಮಾತ್ರೆ ತಗೊಂಡಿದ್ದರೆ, ಕರುಳಿನಲ್ಲಿ ಎಲ್ಲೋ ಒಂದೆರಡಾಗಿ ಇದ್ದ ಪ್ಲಾಸ್ಮಿಡ್‌ಧಾರಿಗಳು ಉಳಿದು, ಮಿಕ್ಕವು ಸತ್ತು, ಜಾಗವೆಲ್ಲ ಇವುಗಳದ್ದಾಗಿರಬಹುದು. ಮಾತ್ರೆ ಆ ಜೀನನ್ನು ಹುಟ್ಟಿಸಲಿಲ್ಲ, ಇದ್ದವನಿಗೆ ಹೊಲ ಬಿಟ್ಟುಕೊಟ್ಟಿತು. ಇಲ್ಲವೇ, ಗಂಟು ಹೊತ್ತ ಇ. ಕೋಲೈಯೇ ನೀರು, ಊಟ ಅಥವಾ ಆಸ್ಪತ್ರೆಯ ಮೂಲಕ ನೇರ ಬಂದಿರಬಹುದು. ಆಗ ಅವರ ಹೊಟ್ಟೆಯಲ್ಲಿ ಯಾವ ವಿನಿಮಯವೂ ನಡೆದಿರಬೇಕಿಲ್ಲ. ಕಲ್ಚರ್ ರಿಪೋರ್ಟ್ ಒಂದರಿಂದ ಯಾವುದು ನಡೆಯಿತು ಅಂತ ಹೇಳಲಾಗುವುದಿಲ್ಲ. ಚಿಕಿತ್ಸೆಗೆ ಅದು ಬೇಕಾಗುವುದೂ ಇಲ್ಲ. ಡಾಕ್ಟರು 'ಎಸ್' ಇರುವ ಸಾಲುಗಳಿಂದಲೇ ಔಷಧಿ ಆರಿಸುತ್ತಾರೆ. ರಿಪೋರ್ಟ್ ಒಯ್ಯುವಾಗ, ಕಳೆದ ಮೂರು ತಿಂಗಳಲ್ಲಿ ಅಪ್ಪ ಯಾವ ಯಾವ ಆ್ಯಂಟಿಬಯಾಟಿಕ್ ನುಂಗಿದ್ದಾರೆ ಅನ್ನುವ ಚೀಟಿಗಳನ್ನೂ ಜೊತೆಗೆ ಒಯ್ಯಿರಿ.