ಕೋಲ್ಡ್ ರೂಮಿಗೆ ಎಷ್ಟು ಬ್ಯಾಟರಿಯ ಇನ್ವರ್ಟರ್ ಬೇಕು?

ಪ್ರಶ್ನೆ: ಬಾಗಲಕೋಟೆಯಲ್ಲಿ ಹಣ್ಣು, ಕಾಯಿಪಲ್ಲೆ ಅಂಗಡಿ ಇದೆ. ಹತ್ತು ಅಡಿ ಉದ್ದಗಲದ ಕೋಲ್ಡ್ ರೂಮ್ ಮಾಡಿಸುತ್ತಿದ್ದೇನೆ, 2 ಎಚ್‌ಪಿ ಸಿಂಗಲ್ ಫೇಸ್ ಕಂಪ್ರೆಸರ್. ನಾಲ್ಕು ತಾಸು ಕರೆಂಟ್ ಹೋದರೂ ಕಂಪ್ರೆಸರ್ ನಡೆಯಬೇಕು. ಎಷ್ಟು ಬ್ಯಾಟರಿ ಹಾಕಿಸಲಿ?

ಉತ್ತರ:

ವಿಜಯಪುರದಲ್ಲಿ ನನ್ನದೂ ಇದೇ ಅಳತೆಯ ಕೋಣೆ, ಇದೇ ಕಂಪ್ರೆಸರ್. ಇಂಡಿ ತಾಲೂಕಿನ ಕಡೆಯಿಂದ ಬರುವ ನಿಂಬೆ, ದಾಳಿಂಬೆ, ಟೊಮೆಟೊ, ಮೆಂತೆ, ಪುಂಡಿಪಲ್ಲೆ ಎಲ್ಲವನ್ನೂ ಅದರಲ್ಲೇ ಇಡುತ್ತೇನೆ. ನಾನು ಬ್ಯಾಟರಿಯ ಬದಲು 5 ಕೆವಿಎ ಜನರೇಟರ್ ಕೊಂಡು, ಕರೆಂಟ್ ಹೋದ ಕೂಡಲೇ ತಾನಾಗಿ ಚಾಲೂ ಆಗುವಂತೆ ಆಟೋಮ್ಯಾಟಿಕ್ ಚೇಂಜ್‌ಓವರ್ ಹಾಕಿಸಿದ್ದೆ. ಕೋಣೆ ಒಂದು ನಿಮಿಷವೂ ನಿಲ್ಲಬಾರದು ಎಂಬ ಹಟ ನಿಮ್ಮಂತೆಯೇ ನನಗೂ ಇತ್ತು. ಆ ಹಟವೇ ನನ್ನ ಕಂಪ್ರೆಸರನ್ನು ಸುಟ್ಟಿತು.

ಬೇಸಿಗೆಯ ಕೊನೆಯ ಒಂದು ಸಂಜೆ ಗಾಳಿ ಎದ್ದು ಕರೆಂಟ್ ಹೋಗುವುದು, ಬರುವುದು ಶುರುವಾಯಿತು. ಪ್ರತಿ ಸಲವೂ ಚೇಂಜ್‌ಓವರ್ ಕೆಲವೇ ಸೆಕೆಂಡುಗಳಲ್ಲಿ ಕಂಪ್ರೆಸರನ್ನು ಜನರೇಟರಿಗೆ, ಮತ್ತೆ ಲೈನಿಗೆ ಜೋಡಿಸುತ್ತಿತ್ತು. ಅಂಗಡಿಯ ದೀಪಗಳು ಮಂಕಾಗುತ್ತಿದ್ದವು, ಹೊರಗಿನ ಯಂತ್ರದಿಂದ ಎರಡು ಮೂರು ಸೆಕೆಂಡು ‘ಗುಂಯ್’ ಎಂಬ ಸದ್ದು ಬಂದು ‘ಟಕ್’ ಎಂದು ನಿಲ್ಲುತ್ತಿತ್ತು, ಸ್ವಲ್ಪ ಹೊತ್ತಿಗೆ ಅದೇ ಸದ್ದು ಮತ್ತೆ ಕೇಳುತ್ತಿತ್ತು. ಅದು ಜನರೇಟರಿನ ಸದ್ದೆಂದು ನಾವು ಸುಮ್ಮನಿದ್ದೆವು. ಆ ‘ಗುಂಯ್’ ಎಂದರೆ ಮೋಟರು ತಿರುಗಲಾರದೆ ಸಿಕ್ಕಿಕೊಂಡಿದೆ ಎಂದರ್ಥ. ‘ಟಕ್’ ಎಂದರೆ ಓವರ್‌ಲೋಡ್ ರಕ್ಷಕ ಬಿಸಿಯಾಗಿ ಕರೆಂಟ್ ಕಡಿಯಿತು ಎಂದರ್ಥ. ರಕ್ಷಕ ತಣ್ಣಗಾದ ಮೇಲೆ ತಾನೇ ಮತ್ತೆ ಕೂಡಿಕೊಳ್ಳುತ್ತದೆ, ಮೋಟರು ಮತ್ತೆ ಸಿಕ್ಕಿಕೊಳ್ಳುತ್ತದೆ. ಬೆಳಗಾಗುವಷ್ಟರಲ್ಲಿ ವೈಂಡಿಂಗ್ ಸುಟ್ಟಿತ್ತು.

ಇದರ ಕಾರಣವನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಕೋಣೆ ಕಟ್ಟಿಕೊಡುವವರು ಇದನ್ನು ಹೇಳುವುದಿಲ್ಲ. ಕಂಪ್ರೆಸರ್ ನಿಂತ ಕ್ಷಣದಲ್ಲಿ ಕಂಡೆನ್ಸರ್ ಕಡೆ ಗ್ಯಾಸಿನ ಒತ್ತಡ ಬಹಳ ಹೆಚ್ಚಿರುತ್ತದೆ, ಒಳಗಿನ ಕಾಯಿಲ್ ಕಡೆ ಬಹಳ ಕಡಿಮೆ ಇರುತ್ತದೆ. ಆ ಅಂತರ ಇಳಿಯಲು ಮೂರರಿಂದ ಐದು ನಿಮಿಷ ಬೇಕು. ಅದಕ್ಕೂ ಮುಂಚೆ ಕರೆಂಟ್ ಕೊಟ್ಟರೆ ಪಿಸ್ಟನ್ ಆ ಪೂರ್ತಿ ಒತ್ತಡದ ಎದುರು ಮೇಲೇಳಬೇಕಾಗುತ್ತದೆ. ಇದರ ಜೊತೆಗೆ, ಓಡುವಾಗ ಸುಮಾರು 10 ಆಂಪಿಯರ್ ಎಳೆಯುವ 2 ಎಚ್‌ಪಿ ಕಂಪ್ರೆಸರ್ ಚಾಲೂ ಆಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. 50 ಆಂಪಿಯರ್ ಎಂದರೂ 230 ವೋಲ್ಟಿನಲ್ಲಿ ಅದು 11 ಕೆವಿಎ ದಾಟುತ್ತದೆ. 5 ಕೆವಿಎ ಜನರೇಟರ್ ಅಷ್ಟು ಕೊಡಲಾಗದೆ ವೋಲ್ಟೇಜನ್ನು ಕೆಳಗೆ ಬಿಡುತ್ತದೆ. ಮೋಟರಿನ ತಿರುಗುವ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುವುದರಿಂದ, 230 ಇರಬೇಕಾದದ್ದು 180ಕ್ಕೆ ಬಿದ್ದರೆ ಆ ಬಲ ಶೇ. 60ರ ಆಸುಪಾಸಿಗೆ ಬರುತ್ತದೆ. ಹೆಚ್ಚು ಬಲ ಬೇಕಾದ ಹೊತ್ತಿನಲ್ಲೇ ಬಲ ಕಡಿಮೆಯಾಯಿತು ಎಂಬುದೇ ನನ್ನ ನಷ್ಟದ ಮೂಲ. ಸುಟ್ಟ ಕಂಪ್ರೆಸರನ್ನು ಬದಲಾಯಿಸಿದರಷ್ಟೇ ಸಾಲಲಿಲ್ಲ. ಸುಟ್ಟಾಗ ಎಣ್ಣೆಯಲ್ಲಿ ಆಮ್ಲ ಹುಟ್ಟುವುದರಿಂದ ಪೈಪುಗಳನ್ನೆಲ್ಲ ನೈಟ್ರೋಜನ್ನಿನಿಂದ ತೊಳೆದು, ಫಿಲ್ಟರ್ ಡ್ರೈಯರ್ ಬದಲಿಸಿ, ಹೊಸದಾಗಿ ಗ್ಯಾಸ್ ತುಂಬಿಸಬೇಕಾಯಿತು. ಅಷ್ಟರಲ್ಲಿ ತಪ್ಪಲುಪಲ್ಲೆ ಪೂರ್ತಿ ಕೆಟ್ಟಿತು.

ಹೀಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಾಲ್ಕು ತಾಸು ಕಂಪ್ರೆಸರ್ ನಡೆಯಬೇಕಾಗಿಲ್ಲ, ನಾಲ್ಕು ತಾಸು ಮಾಲು ತಣ್ಣಗಿರಬೇಕು, ಅಷ್ಟೇ. ಫ್ಯಾನುಗಳೂ ಸೇರಿ ನಿಮ್ಮ ಯಂತ್ರ ತಾಸಿಗೆ ಸುಮಾರು 2 ಯುನಿಟ್ ತಿನ್ನುತ್ತದೆ, ಬೇಸಿಗೆಯಲ್ಲಿ ಮೂರರಲ್ಲಿ ಎರಡು ಪಾಲು ಹೊತ್ತು ಓಡುತ್ತದೆ ಎಂದು ಹಿಡಿದರೆ ನಾಲ್ಕು ತಾಸಿಗೆ ಐದು ಯುನಿಟ್ ದಾಟುತ್ತದೆ. 150 ಎಎಚ್ ಬ್ಯಾಟರಿಯೊಂದರಿಂದ ಅದರ ಆಯುಷ್ಯ ಕೆಡದಂತೆ ಒಂದು ಯುನಿಟ್ ತೆಗೆದರೆ ಹೆಚ್ಚು. ಬ್ಯಾಟರಿ ಆರು ಹಾಕಿದರೂ, ಚಾಲೂ ಆಗುವಾಗಿನ ಕರೆಂಟಿನ ಎಳೆತಕ್ಕಾಗಿ 10 ಕೆವಿಎ ಮೇಲ್ಪಟ್ಟ ಇನ್ವರ್ಟರ್ ಬೇರೆ ಬೇಕಾಗುತ್ತದೆ. ನಮ್ಮ ಭಾಗದ ಸೆಕೆಯಲ್ಲಿ ಆ ಬ್ಯಾಟರಿಗಳು ಬೇಗ ಸೊರಗುತ್ತವೆ.

ಇನ್ನು ಕೋಣೆಯ ಕಡೆಯ ಲೆಕ್ಕ ನೋಡಿ. ಬಿಸಿಯನ್ನೂ ಯುನಿಟ್ಟಿನಲ್ಲೇ ಅಳೆಯಬಹುದು. 80 ಮಿಮೀ ಪಫ್ ಪ್ಯಾನೆಲ್ಲಿನ ಈ ಅಳತೆಯ ಕೋಣೆಯೊಳಗೆ, ಹೊರಗೆ 38 ಡಿಗ್ರಿ, ಒಳಗೆ 8–10 ಇದ್ದಾಗ, ಗೋಡೆ, ಚಾವಣಿ, ನೆಲದಿಂದ ತಾಸಿಗೆ 0.4 ಯುನಿಟ್ ಬಿಸಿ ನುಸುಳುತ್ತದೆ. ಒಂದು ಟನ್ ಮಾಲು ಉಸಿರಾಡಿ ಬಿಡುವ ಬಿಸಿಯನ್ನೂ ಸೇರಿಸಿ 0.6 ಎಂದು ಇಟ್ಟುಕೊಳ್ಳೋಣ. ಒಂದು ಟನ್ ಹಣ್ಣು ಒಂದು ಡಿಗ್ರಿ ಬಿಸಿಯಾಗಲು ಒಂದು ಯುನಿಟ್ಟಿಗಿಂತ ತುಸು ಹೆಚ್ಚೇ ಬೇಕು. ಹಾಗಾದರೆ ಬಾಗಿಲು ಮುಚ್ಚಿಟ್ಟರೆ ನಾಲ್ಕು ತಾಸಿಗೆ ಏರುವುದು ಎರಡು ಡಿಗ್ರಿ ಚಿಲ್ಲರೆ ಮಾತ್ರ. ತುಂಬಿದ ಕೋಣೆಯೇ ನಿಮ್ಮ ಬ್ಯಾಟರಿ. ಗೋಡೆಯ ಮೇಲಿನ ಥರ್ಮಾಮೀಟರಿನ ಅಂಕಿ ಇದಕ್ಕಿಂತ ಬೇಗ ಏರುತ್ತದೆ, ಏಕೆಂದರೆ ಅದು ತೋರಿಸುವುದು ಗಾಳಿಯ ತಾಪ. ಹೆದರುವ ಮುಂಚೆ ನಡುವಿನ ಕ್ರೇಟಿನ ಒಂದು ಟೊಮೆಟೊದೊಳಗೆ ಸೂಜಿ ಥರ್ಮಾಮೀಟರ್ ಚುಚ್ಚಿ ನೋಡಿ. ಕರೆಂಟ್ ಹೋಗುವುದು ಮೊದಲೇ ಗೊತ್ತಿದ್ದರೆ ಒಂದೆರಡು ಡಿಗ್ರಿ ಹೆಚ್ಚು ತಂಪು ಮಾಡಿಡಬಹುದು. ಆದರೆ ಬಾಳೆಯನ್ನು ಈ ಕೋಣೆಗೆ ತರಲೇಬೇಡಿ, 13 ಡಿಗ್ರಿಗಿಂತ ಕೆಳಗೆ ಅದರ ಸಿಪ್ಪೆ ಕಪ್ಪಾಗುತ್ತದೆ.

ಈ ಲೆಕ್ಕ ಕೆಡುವುದು ಬಿಸಿ ಮಾಲಿನಿಂದ. ಮಧ್ಯಾಹ್ನ ಟೆಂಪೋದಿಂದ ಇಳಿಸಿದ 35 ಡಿಗ್ರಿಯ ಅರ್ಧ ಟನ್ ದ್ರಾಕ್ಷಿಯನ್ನು 10 ಡಿಗ್ರಿಗೆ ತರಲು ಸುಮಾರು 13 ಯುನಿಟ್ ಬಿಸಿ ತೆಗೆಯಬೇಕು, ಅದು ಗೋಡೆಗಳಿಂದ ಇಡೀ ದಿನ ನುಸುಳುವುದಕ್ಕಿಂತ ಹೆಚ್ಚು. ಕಂಪ್ರೆಸರ್ ನಾಲ್ಕೈದು ತಾಸು ಬಿಡದೆ ಓಡಬೇಕಾಗುತ್ತದೆ. ಆ ನಡುವೆ ಕರೆಂಟ್ ಹೋದರೆ ಮೊದಲೇ ಇದ್ದ ತಣ್ಣನೆಯ ಮಾಲೂ ಬಿಸಿಯಾಗುತ್ತದೆ. ನಾನು ಈಗ ಮಾಲನ್ನು ನಸುಕಿನಲ್ಲೇ ಇಳಿಸಿಕೊಳ್ಳುತ್ತೇನೆ, ತಡವಾಗಿ ಬಂದದ್ದನ್ನು ರಾತ್ರಿಯವರೆಗೆ ನೆರಳಿನಲ್ಲಿ ಗಾಳಿಗೆ ಬಿಟ್ಟು, ಆಮೇಲೆ ಒಳಗಿಡುತ್ತೇನೆ.

ಬ್ಯಾಟರಿಯ ಹಣದಲ್ಲಿ ಮೊದಲು ಎರಡು ಸಣ್ಣ ಸಾಮಾನು ಹಾಕಿಸಿ: ಕರೆಂಟ್ ಬಂದ ಮೇಲೆ ಐದು ನಿಮಿಷ ತಡೆದು ಕಂಪ್ರೆಸರಿಗೆ ಬಿಡುವ ಟೈಮರ್ ರಿಲೇ, ಮತ್ತು ವೋಲ್ಟೇಜ್ ಕಡಿಮೆಯಾದರೆ ಕಡಿಯುವ ಕಟ್‌ಆಫ್. ತಾಪಮಾನದ ಕಂಟ್ರೋಲರಿನಲ್ಲೇ ವಿಳಂಬ ಇದೆ ಎಂದು ಮಿಸ್ತ್ರಿ ಹೇಳಿದರೆ ನಂಬಬೇಡಿ. ಕಂಪ್ರೆಸರ್ ಓಡುತ್ತಿರುವಾಗಲೇ ಅವನೆದುರು ಮೇನ್ ಸ್ವಿಚ್ ಆಫ್ ಮಾಡಿ, ಹತ್ತು ಸೆಕೆಂಡಿಗೆ ಆನ್ ಮಾಡಿಸಿ. ಗುಂಯ್‌ಗುಟ್ಟಿದರೆ, ಇಲ್ಲವೇ ಐದು ನಿಮಿಷ ಆಗುವ ಮುಂಚೆ ಎದ್ದರೆ, ಕೂಡಲೇ ಆಫ್ ಮಾಡಿ, ರಿಲೇ ಹಾಕಿಸುವವರೆಗೆ ಅವನ ಹಣ ಕೊಡಬೇಡಿ.

ಆರು ತಾಸು ಮೀರಿದ ಕಡಿತಕ್ಕೆ ಮಾತ್ರ ಜನರೇಟರ್ ಬೇಕು. ನಾನು ಈಗ 7.5 ಕೆವಿಎಯದ್ದನ್ನು ಕೈಯಿಂದ ತಿರುಗಿಸುವ ಚೇಂಜ್‌ಓವರಿನಲ್ಲಿ ಇಟ್ಟಿದ್ದೇನೆ. ಸ್ಟಾರ್ಟ್ ಕೆಪಾಸಿಟರ್ ಸರಿ ಇದ್ದು, ಒತ್ತಡ ಇಳಿದ ಮೇಲೆ, ಬೇರೆ ಲೋಡ್ ಏನೂ ಇಲ್ಲದಾಗ ಕಂಪ್ರೆಸರ್ ಅದರ ಮೇಲೆ ಏಳುತ್ತದೆ. ಕೊಳ್ಳುವ ಮುಂಚೆ ನಿಮ್ಮ ಕೋಣೆಯನ್ನೇ ಪರೀಕ್ಷಿಸಿ: ಕೋಣೆ ತುಂಬಿ, ಮಾಲು ಪೂರ್ತಿ ತಣ್ಣಗಾದ ಒಂದು ಸಂಜೆ ಸ್ವಿಚ್ ಆಫ್ ಮಾಡಿ, ಬಾಗಿಲು ತೆರೆಯದೆ ನಾಲ್ಕು ತಾಸಿನ ಕೊನೆಗೆ ಹಣ್ಣಿನೊಳಗಿನ ತಾಪ ನೋಡಿ. ಎರಡು ಮೂರು ಡಿಗ್ರಿಗಿಂತ ಹೆಚ್ಚು ಏರಿದ್ದರೆ ಬಾಗಿಲಿನ ಗ್ಯಾಸ್ಕೆಟ್, ಪ್ಯಾನೆಲ್ಲಿನ ಕೂಡುಗಳು, ಮತ್ತು ನೆಲಕ್ಕೆ ಇನ್ಸುಲೇಷನ್ ಹಾಕಿದ್ದಾರೋ ಇಲ್ಲವೋ ಎಂಬುದನ್ನು ನೋಡಿ. ನೆಲವನ್ನು ಹಾಗೇ ಬಿಟ್ಟಿರುವ ಕೋಣೆಗಳನ್ನು ನಾನು ಬಹಳ ನೋಡಿದ್ದೇನೆ.