ಆಡಿಟ್ ಫೀಲ್ಡ್‌ವರ್ಕ್‌ನಲ್ಲಿ ಸ್ಟೋರ್‌ನವರನ್ನು ಪ್ರಶ್ನೆ ಕೇಳಿದರೆ ಸಿಡುಕುತ್ತಾರೆ, ಇಂದು ಹೇಳಿದ್ದನ್ನು ನಾಳೆ ಇಲ್ಲವೆನ್ನುತ್ತಾರೆ. ಅವರ ಬಾಯಿಂದ ನಿಜ ಹೊರಡಿಸುವುದು ಹೇಗೆ? ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲೇ?

ಚಾಕಣದ ಒಂದು ಎರಕದ ಕಾರ್ಖಾನೆಯಲ್ಲಿ ನನಗೂ ಹೀಗೇ ಆಗಿತ್ತು. ಇಂಟರ್ನಲ್ ಆಡಿಟ್‌ಗೆ ಸೇರಿ ಎರಡು ವರ್ಷವಾಗಿತ್ತು. ಅಲ್ಲಿನ ಸ್ಟೋರ್ ಕೀಪರ್ ವಿಜಯಪುರದ ಕಡೆಯವರು; ನಾನು ಧಾರವಾಡದವನು. ಪುಣೆಯಲ್ಲಿ ಕನ್ನಡ ಕಿವಿಗೆ ಬಿದ್ದ ಸಂತೋಷದಲ್ಲಿ ಅವರು ಮೊದಲ ದಿನವೇ ಚಹಾ ತರಿಸಿದರು. ಲಾರಿ ತೂಗಿದ ಕಾಟಾ ಚೀಟಿಯ ಬಗ್ಗೆ, ಬಂದ ಮಾಲನ್ನು ಸಿಸ್ಟಮ್‌ನಲ್ಲಿ ಏರಿಸುವ ಜಿಆರ್‌ಎನ್ ದಾಖಲೆಯ ಬಗ್ಗೆ ನಾನು ಚಹಾ ಕುಡಿಯುತ್ತಲೇ ಕೇಳಿದ ಪ್ರಶ್ನೆ ಇದು: “ಸ್ಕ್ರ್ಯಾಪ್ ಬಂದಾಗ ಕಾಟಾ ಚೀಟಿ ನೋಡಿಯೇ ಜಿಆರ್‌ಎನ್ ಮಾಡುತ್ತೀರಲ್ಲವೇ?” ಅವರು “ಹೌದ್ರೀ ಸಾಹೇಬ್ರ” ಎಂದರು. ಬೇರೆ ಏನು ಹೇಳಲು ಸಾಧ್ಯವಿತ್ತು? ಉತ್ತರವನ್ನು ನಾನೇ ಪ್ರಶ್ನೆಯೊಳಗೆ ಇಟ್ಟು ಕೊಟ್ಟಿದ್ದೆ.

ಮೂರನೆಯ ದಿನ, ಮಾಲಿನ ಒಳಬರವು ಹೊರಹೋಗುವಿಕೆ ತೋರಿಸುವ ಎಸ್‌ಎಪಿಯ MB51 ವರದಿಯಲ್ಲಿ ಜಿಆರ್‌ಎನ್ ದಾಖಲಾದ ಗಂಟೆಯನ್ನೂ ಕಾಟಾ ಚೀಟಿಯ ಮೇಲಿನ ಗಂಟೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಒಂದು ಲಾರಿಯ ಜಿಆರ್‌ಎನ್ ರಾತ್ರಿ 11:40ಕ್ಕೆ ಆಗಿತ್ತು. ಅದೇ ಲಾರಿಯ ಖಾಲಿ ತೂಕ ಆದದ್ದು ರಾತ್ರಿ 1:10ಕ್ಕೆ. ತುಂಬಿದ ತೂಕದಿಂದ ಖಾಲಿ ತೂಕ ಕಳೆಯದೆ ಮಾಲಿನ ತೂಕ ತಿಳಿಯುವುದಿಲ್ಲವಾದ್ದರಿಂದ, ಚೀಟಿ ನೋಡಿ ಜಿಆರ್‌ಎನ್ ಮಾಡಿರುವುದು ಅಸಾಧ್ಯ. ಕಳ್ಳ ಸಿಕ್ಕಿಬಿದ್ದನೆಂಬ ಹುರುಪಿನಲ್ಲಿ ಪ್ರಿಂಟ್ ಹಿಡಿದು ನೇರವಾಗಿ ಸ್ಟೋರ್‌ಗೆ ಹೋದೆ, ಇಬ್ಬರು ಹಮಾಲರು ನಿಂತಿದ್ದ ಎದುರಿನಲ್ಲೇ “ಚೀಟಿ ಇಲ್ಲದೆ ಯಾಕೆ ಮಾಡಿದಿರಿ?” ಎಂದು ಕೇಳಿದೆ.

ಅವರ ಮುಖ ಕೆಂಪಾಯಿತು. “ಯಾರ್ ಹೇಳ್ಯಾರ್ರೀ ನಿಮಗ ಇದನ್ನ?” ಎಂದು ಶುರುಮಾಡಿದವರು ಐದು ನಿಮಿಷ ಬಿಡದೆ ಮಾತನಾಡಿದರು. ಅದರ ನಡುವೆ ಒಂದು ಮಾತು ಬಂತು: “ಚೀಟಿ ಬರೂದ ಮುಂಜಾನಿ. ಅಲ್ಲೀತನಕ ಭಟ್ಟಿ ಬಂದ್ ಇಡ್ಲ್ಯಾ ನಾ?” ನಾನು ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಂಡದ್ದು ಒಂದೇ ಸಾಲು. ಅದರ ಅರ್ಥ: ತೂಕ ಪರಿಶೀಲಿಸದೆ ಜಿಆರ್‌ಎನ್ ಮಾಡುವುದಾಗಿ ಸ್ಟೋರ್ ಕೀಪರ್ ಒಪ್ಪಿಕೊಂಡರು.

ನಾನು ತೆತ್ತದ್ದೆಲ್ಲ ಈ ಒಂದು ಸಾಲಿಗಾಗಿ. ಆದ್ದರಿಂದ ಇದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ. ಅವರು ಏನನ್ನೂ ಒಪ್ಪಿಕೊಂಡಿರಲಿಲ್ಲ. ಅವರು ಹೇಳಿದ್ದು ಎರಡು ಸಂಗತಿ: ಚೀಟಿ ಬೆಳಿಗ್ಗೆ ತಲುಪುತ್ತದೆ, ಮಾಲು ಸಿಸ್ಟಮ್‌ನಲ್ಲಿ ಏರದಿದ್ದರೆ ಭಟ್ಟಿಗೆ ಇಶ್ಯೂ ಮಾಡಲು ಬರುವುದಿಲ್ಲ. “ಒಪ್ಪಿಕೊಂಡರು” ಎಂಬುದು ನನ್ನ ತೀರ್ಪು. “ಪರಿಶೀಲಿಸದೆ” ಎಂಬುದೂ ನನ್ನದೇ. ಮರುದಿನ ಚೀಟಿ ಬಂದ ಮೇಲೆ ಏನು ಮಾಡುತ್ತಾರೆಂದು ನಾನು ಕೇಳಿಯೇ ಇರಲಿಲ್ಲ. ಪುಣೆಯಂಥ ಊರಿನಲ್ಲಿ ಕೆಲಸಗಾರರು ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಕನ್ನಡದಲ್ಲಿಯೋ ಮಾತನಾಡುತ್ತಾರೆ, ವರದಿ ಮಾತ್ರ ಇಂಗ್ಲಿಷಿನಲ್ಲಿರುತ್ತದೆ. ಅನುವಾದ ನಡೆಯುವುದು ನಿಮ್ಮ ನೋಟ್‌ಬುಕ್ಕಿನಲ್ಲಿ, ನೀವು ಅವಸರದಲ್ಲಿರುವಾಗ, ಮತ್ತು ಆ ಅವಸರದಲ್ಲಿ ಮಾತು ಬಿದ್ದುಹೋಗಿ ಅಭಿಪ್ರಾಯ ಉಳಿಯುತ್ತದೆ. ಸಮಯ ಬರೆದಿರಲಿಲ್ಲ, ಯಾವ ಲಾರಿಯ ಬಗ್ಗೆ ಮಾತು ನಡೆಯಿತೆಂದು ಬರೆದಿರಲಿಲ್ಲ, ಬರೆದದ್ದನ್ನು ಅವರಿಗೆ ಓದಿ ಹೇಳಿರಲಿಲ್ಲ.

ಮುಕ್ತಾಯದ ಸಭೆಯಲ್ಲಿ ಕಾರ್ಖಾನೆಯ ಮುಖ್ಯಸ್ಥರು ಅವರನ್ನು ಕರೆಸಿ ಕೇಳಿದರು. “ನಾ ಹಂಗ ಅಂದೇ ಇಲ್ಲ” ಎಂದರು ಅವರು. ಅದು ಅಕ್ಷರಶಃ ಸತ್ಯ. ಹಾಗಾದರೆ ಏನಂದರು ಎಂದು ನನ್ನನ್ನು ಕೇಳಿದಾಗ ನನ್ನ ಬಳಿ ಅವರ ಒಂದು ಶಬ್ದವೂ ಇರಲಿಲ್ಲ. ಅಂಶ ವರದಿಯಿಂದ ಹೊರಬಿತ್ತು. ಗಂಟೆಯ ವ್ಯತ್ಯಾಸಕ್ಕೆ ಸಿಸ್ಟಮ್ ಗಡಿಯಾರದ ದೋಷವೆಂಬ ವಿವರಣೆಯನ್ನು ಎಲ್ಲರೂ ಒಪ್ಪಿದರು. ನಮ್ಮ ಮ್ಯಾನೇಜರ್ ಕಾರಿನಲ್ಲಿ ಹಿಂಜವಡಿಯವರೆಗೂ ನನ್ನೊಡನೆ ಮಾತನಾಡಲಿಲ್ಲ.

ಮರುವರ್ಷ ಅದೇ ಕಾರ್ಖಾನೆಗೆ ಹೋದಾಗ ಮೊದಲೇ ಹೇಳಿ, ರಾತ್ರಿ ಹತ್ತೂವರೆಗೆ, ಅವರದೇ ಮೇಜಿನ ಪಕ್ಕ ಕುಳಿತೆ. ಆಡಿಟ್ ಮಾರ್ಗಸೂಚಿಯಾದ ಐಎಸ್‌ಒ 19011 (2018) ಕೂಡ ಮಾತುಕತೆಯನ್ನು ಅವರ ಕೆಲಸದ ಜಾಗದಲ್ಲಿ, ಅವರ ಕೆಲಸದ ವೇಳೆಯಲ್ಲೇ ನಡೆಸಿ, ಯಾಕೆ ಬರೆದುಕೊಳ್ಳುತ್ತಿದ್ದೀರೆಂದು ತಿಳಿಸಿ ಎನ್ನುತ್ತದೆ. ಹಾಗೆಯೇ ಹೇಳಿದೆ: “ಕಾಕಾ, ನೀವು ಹೇಳಿದ್ದನ್ನು ನಿಮ್ಮ ಮಾತಿನಲ್ಲೇ ಬರೆಯುತ್ತೇನೆ, ಕೊನೆಗೆ ಓದಿ ತೋರಿಸುತ್ತೇನೆ.” ಆಮೇಲೆ ಕೇಳಿದ್ದು ಒಂದೇ: “ನಿನ್ನೆ ರಾತ್ರಿ ಬಂದ ಕೊನೆಯ ಲಾರಿ ಗೇಟಿಗೆ ಬಂದಲ್ಲಿಂದ ಏನೇನಾಯಿತು, ಹೇಳಿ.” “ಸಾಮಾನ್ಯವಾಗಿ ಏನು ಮಾಡುತ್ತೀರಿ” ಎಂದು ಕೇಳಿದರೆ ನಿಯಮಪುಸ್ತಕ ಒಪ್ಪಿಸುತ್ತಾರೆ, ನಿನ್ನೆಯ ಲಾರಿಯ ಬಗ್ಗೆ ಕೇಳಿದರೆ ನಡೆದದ್ದು ಬರುತ್ತದೆ.

ಅವರು ಹೇಳಿದ್ದು ಇದು: ಕಾರ್ಖಾನೆಯ ಕಾಟಾ ರಾತ್ರಿ ಹತ್ತಕ್ಕೆ ಮುಚ್ಚುತ್ತದೆ. ಲಾರಿ ಬರುವಾಗ ಹೆದ್ದಾರಿಯ ಕಾಟಾದಲ್ಲಿ ತುಂಬಿದ ತೂಕ, ಹೋಗುವಾಗ ಅಲ್ಲೇ ಖಾಲಿ ತೂಕ. ಚೀಟಿಯನ್ನು ಟ್ರಾನ್ಸ್‌ಪೋರ್ಟ್‌ನವರು ಮುಂಜಾನೆ ತಂದುಕೊಡುತ್ತಾರೆ. ಇವರು ಚಲನ್ ಮೇಲಿನ ತೂಕಕ್ಕೆ ಜಿಆರ್‌ಎನ್ ಮಾಡುತ್ತಾರೆ. “ಚೀಟಿ ಬಂದ ಮೇಲೆ?” ಎಂದು ಕೇಳಿ ಪೆನ್ನು ಕೆಳಗಿಟ್ಟು ಸುಮ್ಮನೆ ಕುಳಿತೆ. ಬಹಳ ಹೊತ್ತಾದ ಮೇಲೆ ಅವರು ಡ್ರಾಯರ್ ಎಳೆದು ರಬ್ಬರ್ ಬ್ಯಾಂಡ್ ಹಾಕಿದ ಚೀಟಿಗಳ ಕಟ್ಟನ್ನು ಮೇಜಿನ ಮೇಲಿಟ್ಟರು. “ಫೈಲಿಗೆ ಹಾಕ್ತೀನ್ರೀ. ತಿದ್ದೂ ಅಧಿಕಾರ ನನಗ ಕೊಟ್ಟಿಲ್ಲ.”

ಮೇಲಿನ ಚೀಟಿ 9,085 ಕಿಲೋ ಎಂದಿತ್ತು, ಚಲನ್‌ನಲ್ಲಿ 9,240. ಕಿಲೋಗೆ 38 ರೂಪಾಯಿಯಂತೆ ಆ ಒಂದು ಲಾರಿಗೆ 5,890 ರೂಪಾಯಿ ಹೆಚ್ಚು ಪಾವತಿ. ಮೂರು ತಿಂಗಳ 22 ರಾತ್ರಿ ಲಾರಿಗಳಲ್ಲಿ 17ರಲ್ಲಿ ತೂಕ ಕಡಿಮೆಯಿತ್ತು. ಒಟ್ಟು 2,310 ಕಿಲೋ, 87,780 ರೂಪಾಯಿ. ಕಾಕಾ ಕಳ್ಳರಾಗಿರಲಿಲ್ಲ. ಜಿಆರ್‌ಎನ್ ತಿದ್ದುವ ಹಕ್ಕು ಯಾರಿಗಿದೆ ಎಂಬುದನ್ನೇ ಯಾರೂ ನಿಗದಿ ಮಾಡಿರಲಿಲ್ಲ, ಮತ್ತು ಹಿಂದಿನ ವರ್ಷ ನಾನು ಅವರನ್ನು ಕಟಕಟೆಯಲ್ಲಿ ನಿಲ್ಲಿಸಿದ್ದರಿಂದ ಅದು ಇನ್ನೊಂದು ವರ್ಷ ಹಾಗೆಯೇ ನಡೆಯಿತು.

ಹಾಗಾಗಿ, ನಿಜವನ್ನು “ಹೊರಡಿಸುವ” ಯೋಚನೆಯನ್ನೇ ಬಿಡಿ ಎನ್ನುತ್ತೇನೆ. ರೆಕಾರ್ಡಿಂಗ್ ಬೇಡ, ಫೋನ್ ಮೇಜಿನ ಮೇಲೆ ಬಂದ ಕ್ಷಣ ಡ್ರಾಯರ್ ತೆರೆಯುವುದಿಲ್ಲ, ಕದ್ದು ಮಾಡಿದರೆ ಆ ಕಾರ್ಖಾನೆಯಲ್ಲಿ ಮುಂದೆ ಯಾರೂ ನಿಮ್ಮೊಡನೆ ಮಾತನಾಡುವುದಿಲ್ಲ. ನೋಟ್‌ಬುಕ್ಕಿನ ಪುಟವನ್ನು ನಡುವೆ ಗೆರೆ ಎಳೆದು ಎರಡು ಮಾಡಿ: ಎಡಕ್ಕೆ ಅವರ ಮಾತು, ಅವರ ಭಾಷೆಯಲ್ಲಿ, ಗಂಟೆಯ ಸಮೇತ, ಬಲಕ್ಕೆ ನಿಮಗೆ ಅನ್ನಿಸಿದ್ದು ಮತ್ತು ನೋಡಬೇಕಾದ ಕಾಗದ. ಅವರು ಸಿಡುಕಿದರೆ ವಾದಿಸಬೇಡಿ. “ಯಾರು ಹೇಳಿದರು” ಎಂದರೆ ಯಾರೂ ಹೇಳಿಲ್ಲ, ಈ ಎರಡು ಕಾಗದದ ಗಂಟೆ ಹೊಂದುತ್ತಿಲ್ಲ, ನನಗೆ ಅರ್ಥವಾಗಲಿಲ್ಲ ಎಂದು ಕಾಗದವನ್ನು ಅವರ ಕಡೆ ತಿರುಗಿಸಿ, ಒಬ್ಬರೇ ಇರುವಾಗ. ಸಿಟ್ಟಿನಲ್ಲಿ ಬಂದ ಮಾತನ್ನೂ ಎಡಗಡೆಗೇ ಬರೆಯಿರಿ. ನನ್ನ ಪಾಲಿಗಂತೂ ಭಟ್ಟಿಯ ಸುಳಿವು ಅಲ್ಲೇ ಇತ್ತು, ನಾನು ಕೇಳಿಸಿಕೊಳ್ಳಲಿಲ್ಲ.

ಓದಿ ಹೇಳಿದ ಮೇಲೂ ನಾಳೆ ಅವರು ಇಲ್ಲವೆನ್ನಬಹುದು. ಬರೀ ವಿಚಾರಣೆ ಸಾಮಾನ್ಯವಾಗಿ ಸಾಕಾಗುವಷ್ಟು ಪುರಾವೆಯಲ್ಲವೆಂದು ಆಡಿಟ್ ಪುರಾವೆಯ ಮಾನದಂಡವಾದ ಎಸ್‌ಎ 500 ಕೂಡ ಹೇಳುತ್ತದೆ. ಆದ್ದರಿಂದ ಮಾತು ಮುಗಿದ ಕೂಡಲೇ, ಅಲ್ಲೇ, ಆ ಚೀಟಿಯ ಜೆರಾಕ್ಸ್ ತೆಗೆದುಕೊಳ್ಳಿ. ವಂಚನೆಯ ವಾಸನೆ ಬಂದರೆ ಮಾತ್ರ ನೀವೊಬ್ಬರೇ ಮುಂದುವರಿಯದೆ ಅಲ್ಲಿಗೇ ನಿಲ್ಲಿಸಿ ಮ್ಯಾನೇಜರ್‌ಗೆ ಫೋನ್ ಮಾಡಿ. ಆ ರಾತ್ರಿ ಕಾಕಾ ತಮ್ಮ ಮಾತನ್ನು ಓದಿಸಿಕೊಂಡು, “ಭಟ್ಟಿ ಅಲ್ಲ, ಎರಡನೇ ನಂಬರ್ ಭಟ್ಟಿ ಅಂತ ಬರೀರಿ” ಎಂದು ತಿದ್ದಿಸಿ, ಕೆಳಗೆ ಮರಾಠಿಯಲ್ಲಿ ಸಹಿ ಹಾಕಿದರು.