48 ಅಂಕ ಮತ್ತು 50ರ ಗೆರೆ

‘ತರಬೇತಿ ಕೇಂದ್ರವೊಂದರ ಪ್ರವೇಶ ಪರೀಕ್ಷೆಯಲ್ಲಿ ಮಗಳಿಗೆ 100ಕ್ಕೆ 48 ಅಂಕ ಬಂದಿದೆ, 50 ಬೇಕಿತ್ತು. ಫಲಿತಾಂಶದ ಹಾಳೆಯಲ್ಲಿ ಮಾನಕ ವಿಚಲನೆ 10, ವಿಶ್ವಸನೀಯತೆ 0.91 ಎಂದು ಬರೆದು, ಅವಳನ್ನು ಅನರ್ಹಳೆಂದಿದ್ದಾರೆ. ಎರಡೇ ಅಂಕಕ್ಕೆ ಹಾಗೆನ್ನಬಹುದೇ?’
– ಓದುಗರೊಬ್ಬರು, ಗಂಗಾವತಿ

ಮಾನ್ಯರೇ,

ಈ ಅಂಕದ ಆಧಾರದ ಮೇಲೆ ಮಾತ್ರ ಹಾಗೆನ್ನಲು ಬರುವುದಿಲ್ಲ. ಪಠ್ಯದ ಮೇಲೆ ಕೇಳಬಹುದಾದ ಅಸಂಖ್ಯ ಪ್ರಶ್ನೆಗಳಲ್ಲಿ ಆ ದಿನ ಕೇಳಿದ್ದು ನೂರು ಮಾತ್ರ. ಹರಿವಿನ ಲೆಕ್ಕವೊಂದನ್ನು ತುಂಗಭದ್ರಾ ಎಡದಂಡೆ ಕಾಲುವೆಯ ಕ್ಯೂಸೆಕ್‌ಗಳಲ್ಲಿ ಕೇಳಿದ್ದರೆ ನಿಮ್ಮ ಭಾಗದ ಹುಡುಗಿ ತಡವರಿಸದೆ ಬಿಡಿಸಿಯಾಳು. ಅದೇ ಲೆಕ್ಕ ಅಪರಿಚಿತ ಸನ್ನಿವೇಶದಲ್ಲಿ ಬಂದರೆ ತಪ್ಪಿಯಾಳು. ಇಂತಹ ಸಮಾನ ಪ್ರಶ್ನೆಪತ್ರಿಕೆಗಳನ್ನು ಮತ್ತೆ ಮತ್ತೆ ಬರೆಸಿದರೆ ಬರುವ ಸರಾಸರಿಯನ್ನು ನೈಜ ಅಂಕ ಎನ್ನುತ್ತಾರೆ. ಒಂದು ದಿನದ ಅಂಕ ಅದರ ಆಚೀಚೆ ಸಾಮಾನ್ಯವಾಗಿ ಎಷ್ಟು ಸರಿಯುತ್ತದೆ ಎಂಬುದೇ ಮಾಪನದ ಮಾನಕ ದೋಷ:

SEM = SD × √(1 − r)

ಇಲ್ಲಿ SEM ಎಂದರೆ ಆ ಮಾನಕ ದೋಷ. SD ಎಂದರೆ ಮಾನಕ ವಿಚಲನೆ, ಅಂದರೆ ಎಲ್ಲ ಅಭ್ಯರ್ಥಿಗಳ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ. r ಎಂದರೆ ವಿಶ್ವಸನೀಯತೆ, ಅಂದರೆ ಪರೀಕ್ಷೆಯ ಅಂಕಗಳು ಎಷ್ಟು ಸ್ಥಿರ ಎಂದು 0ರಿಂದ 1ರವರೆಗೆ ಹೇಳುವ ಅಳತೆ. ನಿಮ್ಮ ಹಾಳೆಯ ಪ್ರಕಾರ 1ರಿಂದ 0.91 ಕಳೆದರೆ 0.09, ಅದರ ವರ್ಗಮೂಲ 0.3, ಅದನ್ನು 10ರಿಂದ ಗುಣಿಸಿದರೆ 3 ಅಂಕ. ಪಡೆದ ಅಂಕವು ನೈಜ ಅಂಕದಿಂದ 3 ಅಂಕದೊಳಗೆ ಬೀಳುವುದು ಮೂರರಲ್ಲಿ ಎರಡು ಸಲ ಮಾತ್ರ, 6 ಅಂಕದೊಳಗೆ ಬೀಳುವುದು ನೂರಕ್ಕೆ ಸುಮಾರು 95 ಸಲ. ಆದ್ದರಿಂದ 48ನ್ನು 45ರಿಂದ 51ರವರೆಗಿನ ವ್ಯಾಪ್ತಿಯಾಗಿ ಓದಬೇಕು, ಮತ್ತು 50 ಆ ವ್ಯಾಪ್ತಿಯ ಒಳಗೇ ಇದೆ. ಇನ್ನೂ ಸ್ಪಷ್ಟವಾಗಿ ಹೇಳುವುದಾದರೆ, ನೈಜ ಅಂಕ ಸರಿಯಾಗಿ 50 ಇರುವ ಅಭ್ಯರ್ಥಿಗಳಲ್ಲೂ ನಾಲ್ವರಲ್ಲಿ ಒಬ್ಬರಿಗಾದರೂ ಆ ದಿನ 48 ಅಥವಾ ಅದಕ್ಕಿಂತ ಕಡಿಮೆ ಬಂದಿರುತ್ತದೆ. 38 ಬಂದಿದ್ದರೆ ನಾನು ಈ ಮಾತು ಆಡುತ್ತಿರಲಿಲ್ಲ. ಅದು ಗೆರೆಯಿಂದ ನಾಲ್ಕು ಮಾನಕ ದೋಷಗಳಷ್ಟು ದೂರ.

0.91ನ್ನು ಒಂದೇ ದಿನದ ಉತ್ತರಗಳ ಪರಸ್ಪರ ಹೊಂದಾಣಿಕೆಯಿಂದ ಲೆಕ್ಕ ಹಾಕಿದ್ದರೆ, ಅಂದಿನ ಜ್ವರ, ನಿದ್ದೆಗೇಡು ಮುಂತಾದವುಗಳಿಂದಾಗುವ ಏರುಪೇರು ಅದರಲ್ಲಿ ಸೇರಿರುವುದಿಲ್ಲ, ನಿಜವಾದ ದೋಷ 3ಕ್ಕಿಂತ ಹೆಚ್ಚೇ ಇರಬಹುದು. ಅಲ್ಲದೆ ಈ 3 ಎಲ್ಲ ಅಭ್ಯರ್ಥಿಗಳ ಸರಾಸರಿ. 50ರ ಆಸುಪಾಸಿನಲ್ಲಿ ಅದು ಬೇರೆಯಾಗಿರಬಹುದು.

ಹಾಗೆಂದು ಗೆರೆಯನ್ನು 47ಕ್ಕೆ ಇಳಿಸಿ ಎಂದು ಕೇಳಬೇಡಿ, ಆಗ ಇದೇ ಅನ್ಯಾಯ 46 ಬಂದವರಿಗೆ ಆಗುತ್ತದೆ. ದೋಷ ಎರಡೂ ಕಡೆ ಇರುವುದರಿಂದ 51 ಪಡೆದು ಒಳಗೆ ಹೋದವರ ನೈಜ ಅಂಕವೂ 50ಕ್ಕಿಂತ ಕೆಳಗಿರಬಹುದು. ವಿಶ್ವಸನೀಯತೆಯನ್ನು ಯಾವ ವಿಧಾನದಿಂದ ಲೆಕ್ಕ ಹಾಕಿದರು ಎಂಬುದನ್ನೂ, 47ರಿಂದ 53ರ ನಡುವಿನವರಿಗೆ ಸಮಾನ ಪ್ರಶ್ನೆಪತ್ರಿಕೆಯ ಮರುಪರೀಕ್ಷೆ ಅಥವಾ ಸಂದರ್ಶನ ಉಂಟೇ ಎಂಬುದನ್ನೂ ಲಿಖಿತವಾಗಿ ಕೇಳಿ. ಸೀಟುಗಳು ಕಡಿಮೆಯಿದ್ದು ಎಲ್ಲೋ ಗೆರೆ ಎಳೆಯಲೇಬೇಕಾಯಿತು ಎಂದು ಕೇಂದ್ರ ಉತ್ತರಿಸಿದರೆ ಅದನ್ನು ಒಪ್ಪಬಹುದು. ಆದರೆ ಅದು ಸೀಟಿನ ನಿರ್ಧಾರ. ಅದಕ್ಕಾಗಿ ಹಾಳೆಯಲ್ಲಿ ‘ಸೀಟು ಸಿಗಲಿಲ್ಲ’ ಎಂದು ಬರೆಯಬೇಕೇ ಹೊರತು ‘ಅನರ್ಹ’ ಎಂದಲ್ಲ.

– ಸಂಪಾದಕ